ನೈಟ್ರಿಕ್ ಆಸಿಡ್ ಚೆಲ್ಲಿದರೆ ಮರದ ಹೊಟ್ಟು ಹಾಕಬಹುದಾ?

"ನಮ್ಮ ಶಾಲೆಯ ಪಿಯು ಲ್ಯಾಬ್ ಈ ವರ್ಷ ನನ್ನ ಕೈಗೆ ಬಂದಿದೆ. ಆಸಿಡ್‌ಗಳೆಲ್ಲ ಒಂದೇ ಬೀರುವಿನಲ್ಲಿವೆ. ಚೆಲ್ಲಿದರೆ ಹಾಕೋಕೆ ಅಂತ ಪಕ್ಕದಲ್ಲೇ ಒಂದು ಡಬ್ಬ ಮರದ ಹೊಟ್ಟು ಇಟ್ಟಿದ್ದಾರೆ. ಇದು ಸರಿನಾ?"

ಆ ಹೊಟ್ಟಿನ ಡಬ್ಬವನ್ನು ಇವತ್ತೇ ತೆಗೆಸಿಬಿಡಿ. ಎಣ್ಣೆ ಚೆಲ್ಲಿದಾಗ ಅದು ಸರಿ, ನೈಟ್ರಿಕ್ ಆಸಿಡ್‌ಗೆ ಅಲ್ಲ. ಗಟ್ಟಿ ನೈಟ್ರಿಕ್ ಆಸಿಡ್ ಸುಡುವುದಷ್ಟೇ ಅಲ್ಲ, ಉರಿಯುವ ವಸ್ತುವಿಗೆ ಆಕ್ಸಿಜನ್ನನ್ನೂ ಒದಗಿಸುತ್ತದೆ. ಹೊಟ್ಟು, ಹತ್ತಿ, ಹಳೆ ಬಟ್ಟೆ, ಪೇಪರ್ ಇದನ್ನು ಹೀರಿಕೊಂಡರೆ ಒಳಗೊಳಗೇ ಬಿಸಿಯಾಗುತ್ತವೆ. ಗುಡಿಸಿ ಕಸದ ಬುಟ್ಟಿಗೆ ಹಾಕಿ ಬೀಗ ಹಾಕಿಕೊಂಡು ಹೋದ ಮೇಲೆ ಹೊತ್ತಿಕೊಳ್ಳಬಹುದು. ನೋಡೋಕೆ ಅಲ್ಲಿ ಯಾರೂ ಇರಲ್ಲ, ಅಲ್ವಾ?

ಇನ್ನು ಬೀರು. "ಎಲ್ಲಾ ಆಸಿಡ್ ತಾನೇ" ಅಂತ ಒಟ್ಟಿಗೆ ಇಡುವುದೇ ಹೆಚ್ಚಿನ ಕಡೆ ಆಗುವ ಎಡವಟ್ಟು. ಅಲ್ಲಿರುವ ಗ್ಲೇಸಿಯಲ್ ಅಸಿಟಿಕ್ ಆಸಿಡ್ ಹೆಸರಿಗೆ ಆಸಿಡ್, ಗುಣದಲ್ಲಿ ಸ್ಪಿರಿಟ್ ಜಾತಿ. ಸುಮಾರು 40 ಡಿಗ್ರಿಗೆ ಅದರ ಆವಿ ಕಿಡಿ ತಾಗಿದರೆ ಬೆಂಕಿ ಹಿಡಿಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅಷ್ಟು ಬಿಸಿ ಕೋಣೆಯಲ್ಲೇ ಇರುತ್ತದೆ. ಅದನ್ನು ಅಸಿಟೋನ್, ಸ್ಪಿರಿಟ್ ಇರುವ ಬೀರುವಿಗೆ ಸಾಗಿಸಿ. ನೈಟ್ರಿಕ್ ಒಂಟಿಯಾಗಿರಲಿ. ಕೆಳಗಿನ ಖಾನೆಯಲ್ಲಿ, ಬಾಟಲಿಯ ಅಷ್ಟೂ ಆಸಿಡ್ ಹಿಡಿಯುವಂಥ ದಪ್ಪ ಪ್ಲಾಸ್ಟಿಕ್ ಟ್ರೇ ಒಳಗೆ ಇಡಿ. ಕೆಳಗೆ ಪೇಪರ್ ಹಾಸಬೇಡಿ. ಮುಚ್ಚಳ ಹಳದಿಯಾಗಿ ಬಿರುಕು ಬಿಟ್ಟಿದ್ದರೆ, ಲೇಬಲ್ ಕಂದಿದ್ದರೆ, ಹತ್ತಿರದ ಕಬ್ಬಿಣ ತುಕ್ಕು ಹಿಡಿದಿದ್ದರೆ ಹೊಗೆ ಸೋರುತ್ತಿದೆ ಅಂತಲೇ ಲೆಕ್ಕ.

ಚೆಲ್ಲಿದರೆ? ಅರ್ಧ ಲೀಟರ್ ಅಂದುಕೊಳ್ಳಿ. ಮೊದಲು ಮಕ್ಕಳನ್ನು ಹೊರಗೆ ಕಳಿಸಿ, ಬರ್ನರ್ ಆರಿಸಿ, ಕಿಟಕಿ ತೆಗೆಯಿರಿ. ಕನ್ನಡಕ, ಗ್ಲೌಸ್ ಹಾಕಿಕೊಂಡು ಸುತ್ತ ಒಣ ಮರಳಿನ ಕಟ್ಟೆ ಕಟ್ಟಿ. ಆಮೇಲೆ ಅಡುಗೆ ಸೋಡಾವನ್ನು ಅಂಚಿನಿಂದ ನಡುವಿಗೆ ಸ್ವಲ್ಪ ಸ್ವಲ್ಪವೇ ಉದುರಿಸಿ. ಒಮ್ಮೆಗೇ ಸುರಿದರೆ ನೊರೆ ಉಕ್ಕಿ ಸಿಡಿಯುತ್ತದೆ. ಅರ್ಧ ಲೀಟರ್‌ಗೆ ಲೆಕ್ಕದ ಪ್ರಕಾರ ಸುಮಾರು 650 ಗ್ರಾಂ ಬೇಕು, ಹಾಗಾಗಿ ಚಿಟಿಕೆ ಸೋಡಾದಲ್ಲಿ ಕೆಲಸ ಆಗಲ್ಲ. ಎರಡು ಕಿಲೋ ಇಟ್ಟಿರಿ, ದಿನಸಿ ಅಂಗಡಿಯಲ್ಲೇ ಸಿಗುತ್ತದೆ.

ಆದರೆ ಕಂದು ಹೊಗೆ ಎದ್ದರೆ, ಅಥವಾ 2.5 ಲೀಟರ್ ಬಾಟಲಿಯೇ ಒಡೆದರೆ, ಶುಚಿ ಮಾಡುವ ಸಾಹಸ ಬೇಡ. ಹೊರಗೆ ಬಂದು ಬಾಗಿಲು ಮುಚ್ಚಿ, 101ಕ್ಕೋ 112ಕ್ಕೋ ಫೋನ್ ಮಾಡಿ. ಆ ಹೊಗೆ ಕುಡಿದವರು ಆಗ ಚೆನ್ನಾಗೇ ಇರುತ್ತಾರೆ, ಎಷ್ಟೋ ಗಂಟೆ ಬಿಟ್ಟು ಉಸಿರು ಕಟ್ಟಬಹುದು. "ಏನೂ ಆಗಿಲ್ಲ ಸಾರ್" ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೈಗೆ ಬಿದ್ದಿದ್ದರೆ ಬಟ್ಟೆ ತೆಗೆಸಿ, ಕನಿಷ್ಠ 20 ನಿಮಿಷ ನಲ್ಲಿ ನೀರು ಬಿಡಿ. ಮೈ ಮೇಲೆ ಸೋಡಾ ಹಾಕಬೇಡಿ.

ಬುರುಗು ನಿಂತ ಮೇಲೆ ನೀಲಿ ಲಿಟ್ಮಸ್ ಕಾಗದ ಮುಟ್ಟಿಸಿ ನೋಡಿ. ಕೆಂಪಾಗದಿದ್ದರೆ ಪ್ಲಾಸ್ಟಿಕ್ ಮೊರದಲ್ಲಿ ಬಾಚಿ ಬಕೆಟ್‌ಗೆ ಹಾಕಿ, ಜಾಸ್ತಿ ನೀರಲ್ಲಿ ಕರಗಿಸಿ ಸಿಂಕಿಗೆ ಬಿಡಿ. ಮರಳು ಬಕೆಟ್‌ನಲ್ಲೇ ಉಳಿಯಲಿ, ಇನ್ನೆರಡು ಸಲ ತೊಳೆದರೆ ಸಾಕು. ಹಾಗೇ ಕಸಕ್ಕೆ ಎಸೆದರೆ ಒಣಗಿ ಉಳಿಯುವುದು ಸೋಡಿಯಂ ನೈಟ್ರೇಟ್, ಪೇಪರ್ ಚೂರುಗಳ ಜೊತೆ ಸೇರಿದರೆ ಅದೂ ಬೆಂಕಿಗೆ ಕುಮ್ಮಕ್ಕು ಕೊಡುತ್ತದೆ.