ಹೈಪರ್‌ಡ್ರೈವ್ ಇದ್ದರೂ ಲೇನ್ ಯಾಕೆ ಬೇಕು?

"ಬೀದರ್‌ನಿಂದ ಕೇಳ್ತಿದ್ದೇನೆ. ಸ್ಟಾರ್ ವಾರ್ಸ್‌ನಲ್ಲಿ ಬೆಳಕಿಗಿಂತ ವೇಗವಾಗಿ ಹೋಗೋ ಹಡಗುಗಳು ಹೈಪರ್‌ಸ್ಪೇಸ್ ಲೇನ್ ಹಿಡಿದೇ ಯಾಕೆ ಹೋಗ್ತವೆ? ನೇರ ಹೋಗಬಹುದಲ್ವಾ?"

ನೀವು ಹೈಪರ್‌ಡ್ರೈವ್ ಅಂದರೆ ಸುಮ್ನೆ ಜಾಸ್ತಿ ಜೋರಾದ ಎಂಜಿನ್ ಅಂದುಕೊಂಡಿರಬೇಕು, ಗೊಂದಲ ಅಲ್ಲೇ ಇದೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಹೋಗುತ್ತದೆ. ಎಂಜಿನ್ ಎಷ್ಟೇ ಜೋರಿದ್ದರೂ ನಮ್ಮ ಭೌತಶಾಸ್ತ್ರದಲ್ಲಿ ಅದನ್ನು ದಾಟಲಾಗದು. ಅದಕ್ಕೇ ಕಥೆಯಲ್ಲಿ ಹಡಗು ಹೈಪರ್‌ಸ್ಪೇಸ್ ಎಂಬ ಬೇರೆ ಆಯಾಮಕ್ಕೆ ಜಿಗಿಯುತ್ತದೆ. ಹೈಪರ್‌ಡ್ರೈವ್‌ನ ಕೆಲಸ ಆ ಜಿಗಿತ.

ಆದರೆ ನಕ್ಷತ್ರ, ಗ್ರಹಗಳ ದ್ರವ್ಯರಾಶಿಯ ನೆರಳು ಅಲ್ಲಿಗೂ ಬೀಳುತ್ತದೆ. ಅದಕ್ಕೆ ತಾಗಿದರೆ ಹಡಗು ಚೂರು. ಹಾಗಾಗಿ ಅಡ್ಡಿಯಿಲ್ಲದ್ದು ಅಂತ ಮೊದಲೇ ಗುರುತಿಸಿದ ದಾರಿಯೇ ಲೇನ್. ಬೀದರ್‌ನಿಂದ ಕಲಬುರಗಿಗೆ ಬಸ್ಸು ಹೊಲ ಹಾಯದೆ ಹುಮನಾಬಾದ್ ಮೇಲೆ ಹೋಗುವ ಹಾಗೆ. ಲೇನ್ ಬಿಟ್ಟು ಹೋಗಬಹುದು, ಆದರೆ ಜಿಗಿಯುವ ಮುಂಚೆ ಹಡಗಿನ ಕಂಪ್ಯೂಟರ್ ಹೊಸ ದಾರಿ ಲೆಕ್ಕ ಹಾಕಬೇಕು.

ಈಗ ಸ್ಟಾರ್ ವಾರ್ಸ್‌ನ ಪೈಲಟ್ ಹಾನ್ ಸೋಲೋ ಜಂಬ ಕೊಚ್ಚುವ ದೃಶ್ಯ ಮತ್ತೆ ನೋಡಿ. ಕೆಸೆಲ್ ರನ್ ಎಂಬ ಕಳ್ಳಸಾಗಣೆಯ ದಾರಿಯನ್ನು 12 ಪಾರ್ಸೆಕ್‌ಗಿಂತ ಕಡಿಮೆಯಲ್ಲಿ ಮುಗಿಸಿದೆ ಅನ್ನುತ್ತಾನೆ. ಪಾರ್ಸೆಕ್ ದೂರದ ಅಳತೆ, ಒಂದಕ್ಕೆ ಸುಮಾರು 3.26 ಜ್ಯೋತಿರ್ವರ್ಷ. ಸಮಯದ ಮಾತಿನಂತೆ ಕೇಳಿಸುವ ಇದು ಮೊದಲು ಎಡವಟ್ಟೇ ಆಗಿತ್ತೇನೋ. 2018ರ 'ಸೋಲೋ' ಚಿತ್ರ ಮಾತ್ರ ಅದನ್ನು ಸರಿದೂಗಿಸಿತು: ಅವನು ಸುರಕ್ಷಿತ ದಾರಿ ಬಿಟ್ಟು ಅಪಾಯದ ಅಡ್ಡದಾರಿ ಹಿಡಿದ, ದೂರವೇ ಕಮ್ಮಿಯಾಯಿತು.

ಬೇರೆ ಕಥೆಗಳಿಗೆ ಇದೇ ನಿಯಮ ಹಾಕಬೇಡಿ. ಸ್ಟಾರ್ ಟ್ರೆಕ್‌ನಲ್ಲಿ ವಾರ್ಪ್ ಎಂಬ ಎಂಜಿನ್ ಹಡಗಿನ ಸುತ್ತಲಿನ ಜಾಗವನ್ನೇ ಬಗ್ಗಿಸುತ್ತದೆ. ಹೊಸ ಕಥೆ ಹಿಡಿದಾಗ ಹಡಗು ಎಲ್ಲಿಗೆ ಜಿಗಿಯುತ್ತದೆ, ಅದನ್ನು ಏನು ತಡೆಯುತ್ತದೆ ಅಂತ ಮೊದಲು ಹುಡುಕಿ.