ಬಂಗುಡೆಯ ವಾಸನೆ ಎಲ್ಲಿ ಕೂತಿರುತ್ತದೆ?

ಪ್ರಶ್ನೆ: ಶಿವಾಜಿನಗರದಿಂದ ಅರ್ಧ ಕೆಜಿ ಬಂಗುಡೆ ತಂದೆ. ಅಂಗಡಿಯಲ್ಲೇ ಕ್ಲೀನ್ ಮಾಡಿಸಿದ್ದೆ. ಮನೆಯಲ್ಲಿ ನಾಲ್ಕೈದು ಸಲ ತೊಳೆದು, ನಿಂಬೆರಸ ಹಿಂಡಿದ ಮಸಾಲೆ ಹಚ್ಚಿ ಎರಡು ಗಂಟೆ ಇಟ್ಟೆ. ಆದರೂ ವಾಸನೆ ಹೋಗಲಿಲ್ಲ, ತವಾ ಮೇಲೆ ಮೀನು ಒಡೆದುಹೋಯ್ತು. ಎಷ್ಟು ಹೊತ್ತು ಮಸಾಲೆ ಹಚ್ಚಿಡಬೇಕು?

ಮಸಾಲೆಗೆ ಅರ್ಧ ಗಂಟೆ ಸಾಕು. ಮೀನು ಒಡೆದಿದ್ದಕ್ಕೆ ನೀವು ಇಟ್ಟ ಎರಡು ಗಂಟೆಯೇ ಕಾರಣ ಇರಬಹುದು. ವಾಸನೆಯ ವಿಷಯ ಬೇರೆ. ಅದು ಮಸಾಲೆಗಿಂತ ಮೊದಲೇ, ಸಿಂಕ್ ಹತ್ತಿರ ಮುಗಿಯಬೇಕಾದ ಕೆಲಸ.

ಅಂಗಡಿಯಲ್ಲಿ ಕ್ಲೀನ್ ಅಂದರೆ ಹೊಟ್ಟೆ ಸೀಳಿ ಕರುಳು ಎಳೆಯುವುದು, ರೆಕ್ಕೆ ಕತ್ತರಿಸುವುದು, ಅಷ್ಟೇ. ಭಾನುವಾರದ ರಶ್ಶಿನಲ್ಲಿ ಅದಕ್ಕಿಂತ ಜಾಸ್ತಿ ನಿರೀಕ್ಷಿಸಬೇಡಿ. ಮನೆಗೆ ತಂದು ಹೊಟ್ಟೆಯನ್ನು ಬೆರಳಿನಿಂದ ಅಗಲಿಸಿ ಬೆಳಕಿಗೆ ಹಿಡಿದು ನೋಡಿ. ಒಳಗೋಡೆಗೆ ಕಪ್ಪಗಿನ ತೆಳು ಪೊರೆ ಅಂಟಿಕೊಂಡಿರುತ್ತದೆ. ಬೆನ್ನುಮೂಳೆಯ ಉದ್ದಕ್ಕೂ ಕಡುಗೆಂಪು ಗೆರೆಯೊಂದು ಕಾಣುತ್ತದೆ. ಅದು ಬರೀ ಹೆಪ್ಪುಗಟ್ಟಿದ ರಕ್ತ ಅಲ್ಲ, ಮೀನಿನ ಮೂತ್ರಪಿಂಡ ಇರುವುದೂ ಅಲ್ಲೇ. ತಲೆ ಉಳಿಸಿಕೊಂಡಿದ್ದರೆ ಅದರೊಳಗೆ ಕಿವಿರು ಇರುತ್ತದೆ. ವಾಸನೆಯ ಮುಖ್ಯ ಜಾಗಗಳು ಈ ಮೂರು. ಕೆಂಪು ಗೆರೆಯ ಮೇಲೂ ತೆಳ್ಳಗಿನ ಪೊರೆ ಇರುವುದರಿಂದ ನೀವು ಹತ್ತು ಸಲ ತೊಳೆದರೂ ನೀರು ಅದರ ಮೇಲೆ ಜಾರಿ ಹೋಗುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ.

ಚಾಕುವಿನ ತುದಿಯಿಂದ ಆ ಗೆರೆಯ ಮೇಲೆ ಉದ್ದಕ್ಕೆ ಒಂದು ಗೀರು ಹಾಕಿ. ಸಣ್ಣ ಧಾರೆಯ ತಣ್ಣೀರಿನ ಕೆಳಗೆ ಹಿಡಿದು ಹೆಬ್ಬೆರಳಿನ ಉಗುರಿನಿಂದ ತಲೆಯ ಕಡೆಯಿಂದ ಬಾಲದ ಕಡೆಗೆ ಕೆರೆಯಿರಿ. ಹಳೆಯ ಟೂತ್‌ಬ್ರಷ್ ಇದ್ದರೆ ಇನ್ನೂ ಸಲೀಸು. ಗೆರೆ ಹೋಗಿ ಬಿಳಿ ಮೂಳೆ ಕಾಣಬೇಕು. ಕಪ್ಪು ಪೊರೆಗೆ ಒಂದು ಚಿಟಿಕೆ ಕಲ್ಲುಪ್ಪು ಹಾಕಿ ಬೆರಳಿನಿಂದ ಉಜ್ಜಿದರೆ ಸುರುಳಿ ಸುತ್ತಿಕೊಂಡು ಎದ್ದು ಬರುತ್ತದೆ. ಬಂಗುಡೆಯ ಹೊಟ್ಟೆ ಭಾಗ ಮೆತ್ತಗಿರುತ್ತದೆ, ಜೋರು ಮಾಡಬೇಡಿ. ಕಿವಿರನ್ನು ಎರಡೂ ಕಡೆಯಿಂದ ಹಿಡಿದು ಕಿತ್ತುಬಿಡಿ. ತಲೆ ತಿನ್ನುವವರು ಮನೆಯಲ್ಲಿ ಯಾರೂ ಇಲ್ಲದಿದ್ದರೆ ತಲೆಯನ್ನೇ ತೆಗೆಸಿ, ಅರ್ಧ ಕೆಲಸ ಕಮ್ಮಿಯಾಗುತ್ತದೆ.

ನಿಂಬೆರಸದ ಪಾತ್ರ ಬರುವುದು ಇಲ್ಲಿ. ಸಮುದ್ರದ ಮೀನಿನ ಮಾಂಸದಲ್ಲಿ ವಾಸನೆಯೇ ಇಲ್ಲದ ಒಂದು ಪದಾರ್ಥ ಇರುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಟ್ರೈಮೀಥೈಲಮೈನ್ ಆಗಿ ಬದಲಿಸುತ್ತವೆ. ನಮ್ಮ ಮೂಗಿಗೆ ಬಡಿಯುವ ನೀಚು ವಾಸನೆ ಅದರದ್ದು. ಕರಾವಳಿಯ ಮೀನು ಐಸಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿಗೆ ಬರುವಷ್ಟರಲ್ಲಿ ಇದು ಸ್ವಲ್ಪವಾದರೂ ಆಗಿಯೇ ಇರುತ್ತದೆ. ಇದು ಕ್ಷಾರ ಗುಣದ್ದು. ಹುಳಿ ತಾಗಿದರೆ ಆವಿಯಾಗಿ ಮೂಗಿಗೆ ಬರುವುದು ನಿಲ್ಲುತ್ತದೆ, ನೀರಿನಲ್ಲಿ ಕರಗಿ ಹೋಗುತ್ತದೆ. ಅಂದರೆ ಹುಳಿ ಹಚ್ಚಿದ ಮೇಲೆ ತೊಳೆಯಬೇಕು. ನೀವು ನಿಂಬೆರಸವನ್ನು ನೇರವಾಗಿ ಮಸಾಲೆಗೆ ಹಾಕಿದ್ದರಿಂದ ಆ ನೀರೆಲ್ಲ ಮಸಾಲೆಯಲ್ಲೇ ಉಳಿಯಿತು.

ಅರ್ಧ ಕೆಜಿಗೆ ಒಂದು ನಿಂಬೆಹಣ್ಣಿನ ರಸ, ಒಂದು ಚಮಚ ಕಲ್ಲುಪ್ಪು, ಕಾಲು ಚಮಚ ಅರಿಶಿನ. ಮೀನಿಗೆ ಎರಡೂ ಬದಿ ಎರಡು ಮೂರು ಗೀರು ಹಾಕಿ, ಇದನ್ನು ಒಳಗೂ ಹೊರಗೂ ಸವರಿ ಹತ್ತು ನಿಮಿಷ ಇಡಿ. ಪಾತ್ರೆಯ ತಳದಲ್ಲಿ ಮಸುಕಾದ, ಸ್ವಲ್ಪ ಲೋಳೆಯ ನೀರು ನಿಲ್ಲುತ್ತದೆ. ಅದನ್ನು ಚೆಲ್ಲಿ, ಮೀನನ್ನು ತಣ್ಣೀರಿನಲ್ಲಿ ಎರಡು ಸಲ ತೊಳೆಯಿರಿ. ನಿಂಬೆ ಬದಲು ವಿನೆಗರ್ ಅಥವಾ ಹುಣಸೆ ನೀರೂ ಆಗುತ್ತದೆ. ಆಮೇಲೆ ಬಟ್ಟೆ ಅಥವಾ ಟಿಶ್ಯೂನಿಂದ ಹೊಟ್ಟೆಯೊಳಗೂ ಸೇರಿಸಿ ಒತ್ತಿ ಒರೆಸಿ. ಇದನ್ನು ಬಿಟ್ಟರೆ ಮಸಾಲೆ ಹಿಡಿಯುವುದಿಲ್ಲ, ಎಣ್ಣೆಯೂ ಸಿಡಿಯುತ್ತದೆ.

ಮಸಾಲೆಗೆ ಎರಡು ಚಮಚ ಬ್ಯಾಡಗಿ ಮೆಣಸಿನ ಪುಡಿ, ಒಂದು ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಕಾಲು ಚಮಚ ಅರಿಶಿನ, ಅರ್ಧ ಚಮಚ ಉಪ್ಪು, ಒಂದು ಚಮಚ ಗಟ್ಟಿ ಹುಣಸೆ ರಸ, ಒಂದು ಚಮಚ ಅಕ್ಕಿ ಹಿಟ್ಟು. ಮೊದಲು ಹಚ್ಚಿ ತೊಳೆದ ಉಪ್ಪು ಸ್ವಲ್ಪ ಉಳಿದಿರುತ್ತದೆ, ಆದ್ದರಿಂದ ಇಲ್ಲಿ ಕೈ ಹಿಡಿದು ಹಾಕಿ. ಮಸಾಲೆ ಬೆರಳಿನಿಂದ ಜಾರದಷ್ಟು ಗಟ್ಟಿ ಇರಲಿ. ಇದನ್ನು ಗೀರಿನೊಳಗೆ ತುಂಬಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಜಾಸ್ತಿ ಹೊತ್ತು ಇಟ್ಟರೆ ಒಳಗೆ ಇಳಿಯುತ್ತದೆ ಅನ್ನುವುದು ಮಟನ್ ಲೆಕ್ಕ, ಮೀನಿನದ್ದಲ್ಲ. ಮೀನಿನ ಮಾಂಸದ ಎಳೆಗಳು ಗಿಡ್ಡ, ಅವನ್ನು ಹಿಡಿದಿಡುವ ಅಂಟು ತುಂಬಾ ನಾಜೂಕು. ಹುಳಿ ಅದನ್ನು ಬೆಂಕಿಯಿಲ್ಲದೆ ಬೇಯಿಸಿದ ಹಾಗೆ ಮಾಡುತ್ತದೆ, ಉಪ್ಪು ನೀರು ಎಳೆಯುತ್ತದೆ. ಗೀರಿನ ಅಂಚು ಬೆಳ್ಳಗಾಗಿ ಸುಣ್ಣದ ಹಾಗೆ ಕಂಡರೆ, ತಟ್ಟೆಯಲ್ಲಿ ಕೆಂಪು ನೀರು ನಿಂತರೆ ಹೊತ್ತು ಮೀರಿದೆ ಅಂತ ಅರ್ಥ. ಬೆಳಗ್ಗೆ ಹಚ್ಚಿಟ್ಟು ಸಂಜೆ ಆಫೀಸಿನಿಂದ ಬಂದು ಹುರಿಯುವವರು ಹುಳಿಯನ್ನು ಬಿಟ್ಟು ಮಿಕ್ಕಿದ್ದನ್ನು ಹಚ್ಚಿ ಫ್ರಿಜ್‌ನಲ್ಲಿಡಿ. ಹುರಿಯುವ ಹತ್ತು ನಿಮಿಷ ಮೊದಲು ಹುಣಸೆ ರಸ ಸವರಿದರೆ ಆಯ್ತು. ಅಂಜಲ್ ತುಂಡು ಬಂಗುಡೆಗಿಂತ ಗಟ್ಟಿ, ಒಂದು ಗಂಟೆವರೆಗೂ ತಡೆಯುತ್ತದೆ. ಬೂತಾಯಿಗೆ ಹದಿನೈದು ನಿಮಿಷವೇ ಧಾರಾಳ.

ಹುರಿಯುವಾಗ ಎಣ್ಣೆ ಚೆನ್ನಾಗಿ ಕಾದಿರಲಿ. ರವೆಯಲ್ಲಿ ಹೊರಳಿಸಿ ತವಾ ಮೇಲಿಟ್ಟ ಮೇಲೆ ನಾಲ್ಕು ನಿಮಿಷ ಮುಟ್ಟಬೇಡಿ. ತಳ ಗರಿಗರಿಯಾದ ಮೇಲೆ ಮೀನು ತಾನೇ ಬಿಡುತ್ತದೆ, ಬಿಡದಿದ್ದರೆ ಇನ್ನೂ ಆಗಿಲ್ಲ ಅಂತ.

ಇಷ್ಟು ಮಾಡಿಯೂ ವಾಸನೆ ಉಳಿದರೆ ಮೂಗು ಹತ್ತಿರ ಇಟ್ಟು ನೋಡಿ, ಯಾವ ವಾಸನೆ ಅಂತ. ಹಳೇ ಎಣ್ಣೆಯ ಕಮಟು ಬಂದರೆ ಮೀನಿನ ಕೊಬ್ಬು ಕೆಟ್ಟಿದೆ. ಬಂಗುಡೆ ಕೊಬ್ಬಿನ ಮೀನು, ಅದರಲ್ಲಿ ಇದು ಬೇಗ ಆಗುತ್ತದೆ. ಇದಕ್ಕೆ ನಿಂಬೆಯೂ ಇಲ್ಲ, ಅರಿಶಿನವೂ ಇಲ್ಲ. ಹೊಟ್ಟೆ ತಾನಾಗೇ ಒಡೆದಿದ್ದರೆ, ಒತ್ತಿದ ಗುಳಿ ಹಾಗೇ ಉಳಿದರೆ, ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದರೆ ಅಂಗಡಿಯಲ್ಲೇ ಬಿಟ್ಟುಬನ್ನಿ. ಕೊಂಡ ಮೇಲೆ ಕವರನ್ನು ಬೈಕಿಗೆ ಸಿಕ್ಕಿಸಿ ಟ್ರಾಫಿಕ್‌ನಲ್ಲಿ ಒಂದು ಗಂಟೆ ಸುತ್ತುವುದೂ ಬೇಡ, ಎರಡು ಹಿಡಿ ಐಸ್ ಕೇಳಿ ಹಾಕಿಸಿಕೊಳ್ಳಿ. ಬಂಗುಡೆ ಬೆಚ್ಚಗೆ ಕೂತರೆ ಅದರಲ್ಲಿ ಹಿಸ್ಟಮಿನ್ ಸೇರಿಕೊಳ್ಳುತ್ತದೆ. ಅದಕ್ಕೆ ವಾಸನೆ ಬರಲೇಬೇಕು ಅಂತಿಲ್ಲ, ಎಷ್ಟು ಹುರಿದರೂ ಹೋಗುವುದಿಲ್ಲ. ತಿಂದ ಮೇಲೆ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ನಾಲಿಗೆಗೆ ಮೆಣಸಿನ ಹಾಗೆ ಚುರುಕ್ ಅಂದರೆ ಮುಂದೆ ತಿನ್ನಬೇಡಿ.

ಕೊನೆಗೆ ಕೈ. ಮೊದಲು ತಣ್ಣೀರು, ಆಮೇಲೆ ಹಿಂಡಿ ಬಿಸಾಕುವ ನಿಂಬೆ ಸಿಪ್ಪೆ, ಆಮೇಲೆ ಸೋಪು. ಕರುಳು ಕಿವಿರನ್ನು ಎರಡು ಕವರಿನಲ್ಲಿ ಕಟ್ಟಿ ಕಸದ ಗಾಡಿ ಬರುವವರೆಗೆ ಫ್ರೀಜರ್‌ನಲ್ಲಿಟ್ಟರೆ ಕೆಳಮನೆಯ ಓನರ್ ಆಂಟಿಗೂ ಗೊತ್ತಾಗುವುದಿಲ್ಲ. ಹುರಿಯುವ ಘಮಕ್ಕೆ ಮಾತ್ರ ನನ್ನ ಹತ್ತಿರ ಉಪಾಯ ಇಲ್ಲ.