ಆಸ್ಪೈರ್ ಪ್ರಿವ್ಯೂ ಸರಿ, ಪೋಸ್ಟ್ ಯಾವುದು?

ಪ್ರಶ್ನೆ: ಶಿರಸಿಯಲ್ಲಿ ಬಾಗಿಲು ಕೆತ್ತೋ ರೌಟರ್ ಹೊಸದಾಗಿ ಹಾಕಿದ್ದೇನೆ, ಕಂಟ್ರೋಲ್ ಮ್ಯಾಕ್3. ಆಸ್ಪೈರ್ ಪ್ರಿವ್ಯೂ ಸರಿಯಾಗಿ ಕಾಣ್ತಾ ಇದೆ. ಪೋಸ್ಟ್ ಪ್ರೊಸೆಸರ್ ಯಾವುದಾದರೂ ನಡೆಯುತ್ತಾ?

ಇಲ್ಲ ಮಾರಾಯ್ರೆ, ಆ ಪ್ರಿವ್ಯೂ ನಂಬಿ ಸಾಗವಾನಿ ಹಲಗೆ ಕಟ್ಟಬೇಡಿ. ಪ್ರಿವ್ಯೂ ತೋರಿಸುವುದು ಆಸ್ಪೈರ್ ಲೆಕ್ಕ ಹಾಕಿದ ದಾರಿಯನ್ನು. ಪೋಸ್ಟ್ ಅದನ್ನು ಜಿ-ಕೋಡ್ ಮಾಡುವುದು ಆಮೇಲೆ. ಪೋಸ್ಟ್‌ನಲ್ಲಾದ ತಪ್ಪು ಪ್ರಿವ್ಯೂನಲ್ಲಿ ಕಾಣುವುದೇ ಇಲ್ಲ.

ಹೂಬಳ್ಳಿಯಂಥ ಕೆತ್ತನೆಯಲ್ಲಿ ಮ್ಯಾಕ್3 ಎಡವುವುದು ಹೆಚ್ಚಾಗಿ ಬಳುಕುಗಳಲ್ಲಿ. ಈ ಸಾಲು ನೋಡಿ:

```
G0 X50 Y30 Z5
G1 Z-3 F600
G2 X70 Y30 I10 J0
```

I, J ಎಂದರೆ ವೃತ್ತದ ಕೇಂದ್ರ. ಬಿಟ್ ನಿಂತ ಜಾಗದಿಂದ ಎಣಿಸಿದರೆ ಕೇಂದ್ರ X60 Y30, ತ್ರಿಜ್ಯ 10 ಮಿಮೀ. ಆದರೆ ಕಂಟ್ರೋಲ್ ಅದನ್ನು ಪ್ರೋಗ್ರಾಮಿನ ಸೊನ್ನೆಯಿಂದ ಎಣಿಸುವ ಹಾಗೆ ಸೆಟ್ ಆಗಿದ್ದರೆ ಕೇಂದ್ರ X10 Y0 ಆಗುತ್ತದೆ. ಅಲ್ಲಿಂದ ಬಿಟ್‌ಗೆ 50 ಮಿಮೀ ದೂರ. ಪುಟ್ಟ ಎಸಳಿನ ಬದಲು ಹಲಗೆಯ ಮೇಲೆ ದೊಡ್ಡ ಸುತ್ತು ಬೀಳುತ್ತದೆ, ಅದೂ 3 ಮಿಮೀ ಆಳದಲ್ಲಿ.

ಅದಕ್ಕೇ ಪಟ್ಟಿಯಲ್ಲಿ `Mach2/3 Arcs (mm) (*.txt)` ಆರಿಸಿ. ಫೈಲಿನ ಮೊದಲ ಸಾಲುಗಳಲ್ಲಿ ಅಳತೆ ಮಿಮೀ ಎಂದು ಹೇಳುವ `G21`, I, J ಅನ್ನು ಬಿಟ್ ನಿಂತ ಜಾಗದಿಂದ ಎಣಿಸಲು ಹೇಳುವ `G91.1` ಇವೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ಮ್ಯಾಕ್3ಯ `General Config` ಒಳಗೆ `IJ Mode` ಅನ್ನು `Inc` ಮಾಡಿ. ಅನುಮಾನ ಉಳಿದರೆ `Arcs` ಇಲ್ಲದ ಪೋಸ್ಟ್ ಹಾಕಿ. ಬಳುಕೆಲ್ಲ ಚಿಕ್ಕ ಚಿಕ್ಕ ಸರಳರೇಖೆಗಳಾಗುತ್ತವೆ, ಫೈಲ್ ಉದ್ದವಾಗುತ್ತದೆ, I, J ತಂಟೆ ಮಾತ್ರ ಇರುವುದಿಲ್ಲ. ಹೊಸಬರಿಗೆ ನಾನು ಹೇಳುವುದು ಇದನ್ನೇ.

ಸಿಮ್ಯುಲೇಶನ್‌ಗೆ ಕ್ಯಾಮೋಟಿಕ್ಸ್ ಚೆನ್ನಾಗಿದೆ, ಉಚಿತವೂ ಹೌದು. ಆದರೆ ನಿಮ್ಮ ಮೆಷಿನ್ನಿನ ಸೆಟ್ಟಿಂಗ್ ಅದಕ್ಕೆ ಗೊತ್ತಿಲ್ಲ. ಅಲ್ಲಿ ಸರಿ ಬಂದ ಫೈಲ್ ಮ್ಯಾಕ್3ಯಲ್ಲಿ ಕೆಡಬಹುದು. ಕೊನೆಯ ಪರೀಕ್ಷೆ ಮ್ಯಾಕ್3 ಪರದೆಯಲ್ಲೇ ಆಗಬೇಕು: ಫೈಲ್ ಲೋಡ್ ಮಾಡಿ ದಾರಿಯ ಚಿತ್ರ ನೋಡಿ. ಹಲಗೆಯ ಆಚೆಗೂ ಚಾಚಿದ ದೊಡ್ಡ ವೃತ್ತಗಳು ಕಂಡರೆ `IJ Mode` ತಪ್ಪಿದೆ ಎಂದೇ ಅರ್ಥ.

ಇದು ಯಾವುದೂ ಹಿಡಿಯದ ಒಂದು ತಪ್ಪಿದೆ, Z ಸೊನ್ನೆಯದು. ಆಸ್ಪೈರ್‌ನಲ್ಲಿ ಸೊನ್ನೆ ಮರದ ಮೇಲ್ಮೈಗೆ ಇಟ್ಟು, ಮೆಷಿನ್ನಿನಲ್ಲಿ ಬಿಟ್ ಬೆಡ್ಡಿಗೆ ತಾಗಿಸಿ ಸೊನ್ನೆ ಮಾಡಿದಿರಿ ಅನ್ನಿ. ಹಲಗೆ 25 ಮಿಮೀ ದಪ್ಪ ಇದ್ದರೆ, ಸೇಫ್ ಎಂದುಕೊಂಡ Z5 ಮರದೊಳಗೆ 20 ಮಿಮೀ ಆಳದಲ್ಲಿರುತ್ತದೆ. ಬಿಟ್ ಅಲ್ಲೇ ರ್‍ಯಾಪಿಡ್‌ನಲ್ಲಿ ಓಡುತ್ತದೆ, ಮುರಿಯುತ್ತದೆ.

ಹಾಗಾಗಿ ಮೊದಲ ಸಲ ಬಿಟ್ ತುದಿಯನ್ನು ಮರದಿಂದ 30 ಮಿಮೀ ಮೇಲೆ ನಿಲ್ಲಿಸಿ, ಅಲ್ಲೇ Z ಸೊನ್ನೆ ಮಾಡಿ, ಸ್ಪಿಂಡಲ್ ಬಂದ್ ಇಟ್ಟು ಇಡೀ ಫೈಲ್ ಗಾಳಿಯಲ್ಲಿ ಓಡಿಸಿ. ಕೆತ್ತನೆಯ ಆಳ 30ಕ್ಕಿಂತ ಕಡಿಮೆ ಇರಬೇಕು, ಅಷ್ಟೆ. ಕೈ ಎಮರ್ಜೆನ್ಸಿ ಸ್ಟಾಪ್ ಮೇಲೇ ಇರಲಿ. ಸರಿ ಬಂದರೆ ಮರದ ಮೇಲೆ ಮತ್ತೆ ಸೊನ್ನೆ ಹಿಡಿದು ಕೆತ್ತಲು ಬಿಡಿ.